ಕಥೆ ಓದಿ ಹೇಳಿ: ಗೆಳತಿಯರ ಜಗಳದ ಕೊನೆಯಲ್ಲಿ ಇರೋದು ವಿಪರ್ಯಾಸವಾ, ಬರೀ ತಿರುವಾ?

ತಿಳಿನೀರು:

ಎಲ್ಲರಿಗೂ ನಮಸ್ಕಾರ. ಒಂದು ಪುಟ್ಟ ಕಥೆ ಬರೆದಿದ್ದೇನೆ. ಇಬ್ಬರು ಗೆಳತಿಯರು ಸರ್ಕ್ಯಾಸಂ ಯಾವುದು, ಐರನಿ ಯಾವುದು ಅಂತ ಜಗಳ ಆಡುತ್ತಾರೆ. ನಮ್ಮಲ್ಲಿ ಎರಡಕ್ಕೂ ವ್ಯಂಗ್ಯ ಅಂದುಬಿಡುತ್ತೇವೆ. ಅದಕ್ಕೇ ಇಂಗ್ಲಿಷ್ ಪದಗಳನ್ನು ಹಾಗೇ ಉಳಿಸಿಕೊಂಡೆ. ಜಗಳದ ಭಾಗ ನನಗೆ ತೃಪ್ತಿ ಕೊಟ್ಟಿದೆ. ಕೊನೆ ಕೊಟ್ಟಿಲ್ಲ. ಐರನಿ ಬಗ್ಗೆ ಜಗಳ ಆಡುವ ಕಥೆ ಒಂದು ಐರನಿಯಲ್ಲೇ, ಅಂದರೆ ಒಂದು ವಿಪರ್ಯಾಸದಲ್ಲೇ ಮುಗಿಯಬೇಕು ಅಂತ ನನ್ನ ಆಸೆ. ಹಾಗೆ ಮುಗಿದಿದೆಯಾ, ಇಲ್ಲ ಓದುಗರಿಗೆ ಒಂದು ಅಚ್ಚರಿ ಕೊಟ್ಟು ಸುಮ್ಮನಾಗಿದ್ದೇನಾ? ದಯವಿಟ್ಟು ನೇರವಾಗಿ ಹೇಳಿ.

ಕಥೆ ಇದು:

ರೇಖಾ ಮನೆ ಬದಲಾಯಿಸುವ ದಿನ. ಹಿಂದಿನ ರಾತ್ರಿ ಸುಮಾ ಮೆಸೇಜ್ ಹಾಕಿದ್ದಳು: "ಹತ್ತು ಗಂಟೆಗೆ ಸರಿಯಾಗಿ ಅಲ್ಲಿರ್ತೀನಿ. ಚಿಂತೆ ಬಿಡು."

ಸುಮಾ ಬಂದಾಗ ಹನ್ನೆರಡೂವರೆ. ಸಾಮಾನು ಇಳಿಸಿದ ಲಾರಿ ಹೊರಟುಹೋಗಿತ್ತು. ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಮೂರನೇ ಮಹಡಿಗೆ ಹೊತ್ತು ರೇಖಾ ಗೋಡೆಗೆ ಒರಗಿ ಕೂತಿದ್ದಳು.

"ಬನ್ನಿ ಮೇಡಂ, ಬನ್ನಿ. ಒಳ್ಳೇ ಹೊತ್ತಿಗೆ ಬಂದ್ರಿ."

ಸುಮಾ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಗಂಟು. "ಚುಚ್ಚಬೇಡ ಕಣೇ."

"ನಾನೆಲ್ಲಿ ಚುಚ್ಚಿದೆ? ಸುಮ್ನೆ ಐರನಿ."

"ಅದು ಐರನಿ ಅಲ್ಲ. ಸರ್ಕ್ಯಾಸಂ."

"ಎರಡೂ ಒಂದೇ. ಹೇಳೋದು ಒಂದು, ಅರ್ಥ ಇನ್ನೊಂದು."

"ಒಂದೇ ಅಲ್ಲ. ಹೋದ ಸಲ ಇಬ್ಬರೂ ಮಳೇಲಿ ನೆಂದು ತೊಪ್ಪೆಯಾಗಿದ್ವಲ್ಲ, ಆಗ ನೀನು 'ಎಂಥಾ ಒಳ್ಳೇ ಹವಾ' ಅಂದೆ. ಅದು ಐರನಿ. ಯಾರಿಗೂ ಏಟು ಬೀಳಲಿಲ್ಲ. ಇಬ್ಬರೂ ನಕ್ವಿ. ಈಗ ಅಂದದ್ದು ನೆಟ್ಟಗೆ ಬಂದು ನನಗೇ ತಾಗ್ತು."

"ತಾಗಿಸ್ಕೊಂಡದ್ದು ನೀನು. ನಾನು ಹೇಳಿದ್ದು ಅವತ್ತಿನ ಥರಾನೇ."

"ಹಾಗಾದ್ರೆ ಇಲ್ಲಿ ನಗ್ತಾ ಇರೋರು ಯಾರು?"

ರೇಖಾ ಒಂದು ಪೆಟ್ಟಿಗೆಯ ಟೇಪು ಕಿತ್ತಳು. ಅರ್ಧಕ್ಕೆ ಹರಿಯಿತು. "ಸರಿ, ಸರ್ಕ್ಯಾಸಂ ಅಂತಲೇ ಇಟ್ಕೋ. ಆಗ ಏನಾಯ್ತು?"

"ಆಗ ನೀನು ಬೇಕಂತಲೇ ನೋಯಿಸಿದೆ ಅಂತಾಯ್ತು."

"ಎರಡೂವರೆ ಗಂಟೆ ಕಾದೆ ಸುಮಾ. ಒಬ್ಬಳೇ ಹೊತ್ತೆ. ಹೌದು, ನೋಯಿಸಬೇಕು ಅಂತಲೇ ಅಂದೆ."

ಸುಮಾ ಗಂಟು ಕೆಳಗಿಟ್ಟು ಬಿಚ್ಚಿದಳು. ರೇಖಾಳ ಅಪ್ಪನ ಗೋಡೆ ಗಡಿಯಾರ. ಅಪ್ಪ ಹೋದಾಗಿನಿಂದ ನಿಂತೇ ಇತ್ತು. ಬಿಸಾಡಲು ಎತ್ತಿಟ್ಟಿದ್ದ ರಾಶಿಯಿಂದ ಸುಮಾ ಹೋದ ವಾರ ಅದನ್ನು ತೆಗೆದುಕೊಂಡು ಹೋಗಿದ್ದಳು. ಒಂಬತ್ತಕ್ಕೆ ಕೊಡುತ್ತೇನೆ ಅಂದಿದ್ದ ರಿಪೇರಿಯವನು ಹನ್ನೆರಡಕ್ಕೆ ಕೊಟ್ಟಿದ್ದ.

ಗಡಿಯಾರ ಓಡುತ್ತಿತ್ತು. ರೇಖಾ ಅದನ್ನೇ ನೋಡುತ್ತಾ ಕೂತಳು.

---

ಮೋಡದಂಚು:

ತುಂಬಾ ಇಷ್ಟವಾಯಿತು. ನನ್ನ ಪ್ರಕಾರ ಕೊನೆ ಖಂಡಿತ ವಿಪರ್ಯಾಸವೇ. ನಾವು ಅಂದುಕೊಂಡದ್ದಕ್ಕೆ ಉಲ್ಟಾ ಆಗುವುದೇ ವಿಪರ್ಯಾಸ ತಾನೇ? ಸುಮಾ ಬೇಜವಾಬ್ದಾರಿಯವಳು ಅಂದುಕೊಂಡೆವು. ಅವಳು ಗೆಳತಿಗಾಗಿಯೇ ತಡ ಮಾಡಿಕೊಂಡಿದ್ದಳು. ಉಲ್ಟಾ ಆಯಿತು.

ಇನ್ನೊಂದು ಮಾತು. ಸರ್ಕ್ಯಾಸಂಗೆ ನಮ್ಮಲ್ಲಿ ಪದ ಇಲ್ಲ ಅನ್ನುವುದು ಸರಿಯಲ್ಲ. ಅಲಂಕಾರದಲ್ಲಿ ವ್ಯಾಜಸ್ತುತಿ ಅಂತ ಇದೆ. ಮೇಲೆ ಹೊಗಳಿಕೆ, ಒಳಗೆ ಬೈಗುಳ. "ಒಳ್ಳೇ ಹೊತ್ತಿಗೆ ಬಂದ್ರಿ" ಅಂದರೆ ಅದೇ ಅಲ್ವಾ? ಸುಮಾ ಆ ಪದ ಹೇಳಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

---

ನೇರಮಾತು:

ನನಗೆ ಅನ್ನಿಸಿದ್ದು ಹೇಳುತ್ತೇನೆ. ತಪ್ಪು ಸುಮಾಳದ್ದೇ. ಒಂದು ಫೋನ್ ಮಾಡಿ "ತಡ ಆಗುತ್ತೆ" ಅನ್ನಲು ಏನು ಕಷ್ಟ? ಎರಡೂವರೆ ಗಂಟೆ ಕಾಯಿಸಿ, ಮೇಲಿಂದ ಗೆಳತಿಗೆ ಪಾಠ ಮಾಡುತ್ತಾಳೆ. ರೇಖಾ ಕ್ಷಮೆ ಕೇಳಬೇಕಾದ ಅಗತ್ಯ ಇಲ್ಲ. ಗಡಿಯಾರ ನಾಳೆ ತಂದರೂ ಆಗುತ್ತಿತ್ತು.

---

ತಿಳಿನೀರು:

@ನೇರಮಾತು, ನಾನು ಕೇಳಿದ್ದು ಯಾರ ತಪ್ಪು ಅಂತ ಅಲ್ಲ. ಆದರೆ ಫೋನ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಫೋನ್ ಮಾಡಿದರೆ "ಎಲ್ಲಿದ್ದೀಯ?" ಅಂತ ರೇಖಾ ಕೇಳುತ್ತಾಳೆ. ಸುಮಾಳಿಗೆ ಗಡಿಯಾರದ ಗುಟ್ಟು ಬಿಡಲು ಮನಸ್ಸಿಲ್ಲ. ಅದನ್ನು ಕಥೆಯೊಳಗೆ ಒಂದು ಸಾಲಿನಲ್ಲಾದರೂ ಹೇಳಬೇಕು. ಥ್ಯಾಂಕ್ಸ್.

---

ಹಳೇ ತಿದ್ದುಪೆನ್ನು:

ನಾನು ಬಹಳ ವರ್ಷ ಬೇರೆಯವರ ಕಥೆಗಳನ್ನು ತಿದ್ದುವ ಕೆಲಸ ಮಾಡಿದ್ದೇನೆ. ನಿಧಾನವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಚೆನ್ನಾಗಿರುವುದು. ಈ ಇಬ್ಬರೂ ಪದದ ಅರ್ಥಕ್ಕೆ ಜಗಳ ಆಡುತ್ತಿಲ್ಲ. ಚುಚ್ಚಿದವಳು "ಐರನಿ" ಅನ್ನುತ್ತಾಳೆ, ಚುಚ್ಚಿಸಿಕೊಂಡವಳು "ಸರ್ಕ್ಯಾಸಂ" ಅನ್ನುತ್ತಾಳೆ. ಜೀವನದಲ್ಲೂ ಹೀಗೇ ನಡೆಯುತ್ತದೆ. ಐರನಿ ಅಂದರೆ ಅದು ಮಾತಿನ ಒಂದು ಬಗೆ, ಅಷ್ಟೇ. ಸರ್ಕ್ಯಾಸಂ ಅಂದರೆ ಹೇಳಿದವಳ ಮನಸ್ಸಿನಲ್ಲಿ ಏನಿತ್ತು ಅನ್ನುವುದೂ ಅದರೊಳಗೆ ಬಂತು. ಆ ಪದದ ಗ್ರೀಕ್ ಮೂಲಕ್ಕೆ ಮಾಂಸ ಕೀಳುವುದು ಅಂತ ಅರ್ಥ. ಕನ್ನಡದಲ್ಲಿ ಕಟಕಿ, ಕೊಂಕು, ಚುಚ್ಚುಮಾತು ಅನ್ನುವಾಗಲೂ ಆ ಮೊನೆ ಇದ್ದೇ ಇದೆ. ಹಾಗಾಗಿ "ಸರಿ, ಸರ್ಕ್ಯಾಸಂ ಅಂತಲೇ ಇಟ್ಕೋ" ಅಂದ ಕ್ಷಣ ರೇಖಾ ತಪ್ಪೊಪ್ಪಿಕೊಂಡ ಹಾಗೆ. ನಿಮ್ಮ ಕಥೆಯ ನಡುಬೆನ್ನು ಅದು. ಅದನ್ನು ಮುಟ್ಟಬೇಡಿ.

ಈಗ ಕೊನೆ. @ಮೋಡದಂಚು ಅವರ ಮಾತು ಅರ್ಧ ಸರಿ. ಅಂದುಕೊಂಡದ್ದಕ್ಕೆ ಉಲ್ಟಾ ಆಗಬೇಕು, ನಿಜ. ಆದರೆ ಉಲ್ಟಾ ಆದದ್ದೆಲ್ಲ ವಿಪರ್ಯಾಸ ಅಲ್ಲ. ಸುಮಾ ಬರುವಾಗ ಗಾಡಿ ಕೆಟ್ಟು ತಡವಾಯಿತು ಅಂತ ಇಟ್ಟುಕೊಳ್ಳಿ. ಆಗಲೂ ಅವಳು ಬೇಜವಾಬ್ದಾರಿ ಅಲ್ಲ, ಆಗಲೂ ನಮ್ಮ ಊಹೆ ತಪ್ಪು. ಅದನ್ನು ಯಾರೂ ವಿಪರ್ಯಾಸ ಅನ್ನುವುದಿಲ್ಲ, ದುರದೃಷ್ಟ ಅನ್ನುತ್ತಾರೆ. ಇಲ್ಲಿ ಬೇರೆ ಏನೋ ನಡೆದಿದೆ. ಯಾವ ತಡಕ್ಕಾಗಿ ರೇಖಾ ಬೈದಳೋ ಆ ತಡ ಅವಳಿಗೋಸ್ಕರವೇ ಆದದ್ದು. ಅವಳು ಎಸೆದ ಮಾತು ತಿರುಗಿ ಅವಳಿಗೇ ತಾಗುತ್ತದೆ. ವಿಪರ್ಯಾಸದ ಸಾಮಾನೆಲ್ಲ ನಿಮ್ಮ ಹತ್ತಿರ ಇದೆ.

ಆದರೆ ಓದುವಾಗ ನನಗೆ ಅದು ಮುಟ್ಟಲಿಲ್ಲ. ಯಾಕೆ ಅಂದರೆ, ರೇಖಾ "ಒಳ್ಳೇ ಹೊತ್ತಿಗೆ ಬಂದ್ರಿ" ಅಂದಾಗ ನನಗೂ ಅವಳಷ್ಟೇ ಗೊತ್ತಿತ್ತು. ಗಡಿಯಾರ ಕಂಡಾಗ ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅದು ಅಚ್ಚರಿ. ಗ್ರೀಕ್ ನಾಟಕದಲ್ಲಿ ದೊರೆ ಈಡಿಪಸ್ ಕೊಲೆಗಾರನಿಗೆ ಶಾಪ ಹಾಕುತ್ತಾನೆ. ಆ ಕೊಲೆಗಾರ ತಾನೇ ಅಂತ ಅವನಿಗೆ ಗೊತ್ತಿಲ್ಲ, ನೋಡುವವರಿಗೆ ಮೊದಲೇ ಗೊತ್ತು. ಅದಕ್ಕೇ ಅವನ ಒಂದೊಂದು ಮಾತಿಗೂ ಎದೆ ಝಲ್ ಅನ್ನುತ್ತದೆ. ನಿಮ್ಮ ಓದುಗರಿಗೂ ಆ ಜಾಗ ಕೊಡಿ.

ಗಡಿಯಾರವನ್ನು ಕೊನೆಯಿಂದ ತೆಗೆದು ಮೊದಲಿಗೆ ತನ್ನಿ. ಸುಮಾ ರಿಪೇರಿ ಅಂಗಡಿಯ ಮುಂದೆ ಕಾಯುವುದರಿಂದ ಕಥೆ ಶುರುವಾಗಲಿ. ಆಮೇಲೆ ಜಗಳದಲ್ಲಿ ಒಂದು ಅಕ್ಷರವನ್ನೂ ಬದಲಿಸದೆ ಓದಿ ನೋಡಿ. ಪ್ರತಿ ಸಾಲಿಗೂ ಎರಡನೇ ಅರ್ಥ ಬಂದಿರುತ್ತದೆ. "ಎರಡೂವರೆ ಗಂಟೆ ಕಾದೆ" ಅಂತ ರೇಖಾ ಅಂದಾಗ, ಇನ್ನೊಬ್ಬಳೂ ಕಾದಿದ್ದಳು ಅಂತ ಓದುಗರಿಗೆ ನೆನಪಾಗುತ್ತದೆ. ಕೊನೆಯ ಅಚ್ಚರಿ ಕಳೆದುಕೊಳ್ಳುತ್ತೀರಿ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ.

---

ದೂರತೀರ:

ಇದನ್ನು ಓದಿ ನನ್ನದೇ ಒಂದು ಸಂಗತಿ ನೆನಪಾಯಿತು. ಕೆಲಸದ ಜಾಗದಲ್ಲಿ ಒಬ್ಬರು ಒಂದು ಫೈಲ್ ಕಳಿಸಬೇಕಿತ್ತು. ಸಂಜೆ ಬರುತ್ತದೆ ಅಂದುಕೊಂಡಿದ್ದೆ, ಮಧ್ಯಾಹ್ನವೇ ಬಂತು. ನಾನು ಖುಷಿಯಿಂದ "ಇಷ್ಟು ಬೇಗ ಕಳಿಸಿದ್ರಲ್ಲ, ದೊಡ್ಡ ಉಪಕಾರ" ಅಂತ ಮೆಸೇಜ್ ಹಾಕಿದೆ. ಅವರ ಪ್ರಕಾರ ಅದು ಬೆಳಿಗ್ಗೆಯೇ ಕಳಿಸಬೇಕಾದದ್ದಂತೆ. ನಾನು ಕೊಂಕು ಮಾತಾಡಿದೆ ಅಂತ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನಾನು ನಿಜವಾಗಿಯೂ ಥ್ಯಾಂಕ್ಸ್ ಹೇಳಿದ್ದೆ!

ಹಾಗಾದರೆ ನಾನು ಹೇಳಿದ್ದು ಏನು? ಸರ್ಕ್ಯಾಸಂ ಅಲ್ಲ, ನನ್ನ ಮನಸ್ಸಿನಲ್ಲಿ ಮೊನೆ ಇರಲಿಲ್ಲ. ಆದರೆ ಅವರಿಗೆ ನೋವಾದದ್ದು ಸುಳ್ಳಲ್ಲ. ರೇಖಾ "ತಾಗಿಸ್ಕೊಂಡದ್ದು ನೀನು" ಅಂದಳಲ್ಲ, ಆ ಸಾಲು ಓದಿ ನನಗೆ ಸಂಕಟವಾಯಿತು. ನಾನೂ ಅದನ್ನೇ ಅಂದಿದ್ದೆ.

---

ಬೇರುಬಿಳಲು:

ನಾನು ಭಾಷಾಶಾಸ್ತ್ರ ಓದುತ್ತಿದ್ದೇನೆ. @ದೂರತೀರ ಅವರ ಮೆಸೇಜ್ ಯಾಕೆ ಹಾಗಾಯಿತು ಅನ್ನುವುದಕ್ಕೆ ಒಂದು ವಿವರಣೆ ಇದೆ. ಅದು ಈ ಕಥೆಗೂ ಬೇಕಾಗುತ್ತದೆ.

"ಹೇಳೋದು ಒಂದು, ಅರ್ಥ ಇನ್ನೊಂದು" ಅನ್ನುವ ರೇಖಾಳ ಸೂತ್ರ ಹಳೆಯದು, ಬಹಳ ಜನ ಒಪ್ಪಿದ್ದು. ಆದರೆ ಅದು ಸಾಲುವುದಿಲ್ಲ. ರೇಖಾ ಹೀಗೆ ಹೇಳಿದ್ದರೆ ನೋಡಿ: "ಸಮಯಕ್ಕೆ ಸರಿಯಾಗಿ ಬರೋ ಗೆಳತಿಯರು ಅಂದ್ರೆ ನನಗೆ ತುಂಬಾ ಇಷ್ಟ ಕಣೇ." ಇದರಲ್ಲಿ ಒಂದು ಪದವೂ ಸುಳ್ಳಿಲ್ಲ. ಅವಳಿಗೆ ಅಂಥವರು ನಿಜವಾಗಿಯೂ ಇಷ್ಟ. ಆದರೂ ಇದು ಚುಚ್ಚುತ್ತದೆ. ಅಂದರೆ ಉಲ್ಟಾ ಅರ್ಥ ಇಲ್ಲದೆಯೂ ಕಟಕಿ ಆಡಬಹುದು.

1981ರಲ್ಲಿ ಸ್ಪರ್ಬರ್ ಮತ್ತು ವಿಲ್ಸನ್ ಅನ್ನುವ ಇಬ್ಬರು ಇದನ್ನು ಬೇರೆ ಥರ ನೋಡಿದರು. ಐರನಿಯ ಮಾತು ಒಂದು ಪ್ರತಿಧ್ವನಿ ಅಂದರು. ಯಾರೋ ಹಿಂದೆ ಹೇಳಿದ ಮಾತನ್ನು, ಅಥವಾ ಎಲ್ಲರೂ ಇಟ್ಟುಕೊಂಡಿದ್ದ ಒಂದು ಆಸೆಯನ್ನು ಎತ್ತಿ ತೋರಿಸಿ, "ನೋಡಿ, ಎಂಥಾ ಮಾತು!" ಅಂತ ದೂರ ನಿಲ್ಲುವುದು. ಮಳೆಯಲ್ಲಿ ನೆಂದವರು "ಎಂಥಾ ಒಳ್ಳೇ ಹವಾ" ಅಂದಾಗ, ಹವಾ ಚೆನ್ನಾಗಿರಲಿ ಅನ್ನುವ ಇಬ್ಬರ ಆಸೆಯನ್ನೇ ಎತ್ತಿ ಆಡುತ್ತಾರೆ. ಆಸೆ ಇಬ್ಬರದ್ದೂ ಆದ್ದರಿಂದ ಏಟು ಯಾರಿಗೂ ಇಲ್ಲ. ಎತ್ತಿ ಆಡುವುದು ಎದುರಿಗಿರುವವಳ ಮಾತನ್ನೇ ಆದರೆ ಅವಳಿಗೆ ತಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಸಾಧನವೇ ಇದೆ, "ಅಂತೆ". "ಹತ್ತು ಗಂಟೆಗೆ ಸರಿಯಾಗಿ ಇರ್ತಾಳಂತೆ!" ಆ "ಅಂತೆ"ಯ ಒಳಗೆ ಸುಮಾಳ ಮೆಸೇಜ್ ಪೂರ್ತಿ ಇದೆ. ಇದು ನನಗೆ ತುಂಬಾ ಪ್ರೀತಿಯ ವಿಷಯ. ಬೇರೆ ಭಾಷೆಯವರು ದನಿ ಎಳೆದು ಮಾಡುವುದನ್ನು ನಾವು ಎರಡು ಅಕ್ಷರದಲ್ಲಿ ಮಾಡುತ್ತೇವೆ.

ತಿಳಿನೀರು ಅವರೇ, ನೀವು "ಬನ್ನಿ ಮೇಡಂ" ಅಂತ ಬಹುವಚನ ಹಾಕಿದ್ದೀರಿ. ಅದೂ ಅಷ್ಟೇ ಒಳ್ಳೆಯದು. ಯಾವಾಗಲೂ ನೀನು, ಕಣೇ ಅನ್ನುವವಳು ತಟ್ಟನೆ ಮರ್ಯಾದೆ ಕೊಟ್ಟರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ದೂರತೀರ ಅವರ ಮೆಸೇಜಿನಲ್ಲಿ ದನಿ ಇರಲಿಲ್ಲ, ಮುಖ ಇರಲಿಲ್ಲ. "ದೊಡ್ಡ ಉಪಕಾರ" ಅನ್ನುವುದು ಆ ಸಣ್ಣ ಕೆಲಸಕ್ಕೆ ಸ್ವಲ್ಪ ಜಾಸ್ತಿಯೇ ಆಯಿತು. ಬೆಳಿಗ್ಗೆ ಕಳಿಸಬೇಕಿತ್ತು ಅಂತ ಅಳುಕಿನಲ್ಲಿದ್ದವರಿಗೆ ಆ ಜಾಸ್ತಿಯೇ ಕೊಂಕಿನ ಗುರುತಾಗಿ ಕಂಡಿರಬೇಕು.

ಇನ್ನು ವ್ಯಾಜಸ್ತುತಿ. ಅದು ಎರಡೂ ಕಡೆಗೆ ಹೋಗುತ್ತದೆ. ಹೊಗಳಿದ ಹಾಗೆ ಮಾಡಿ ಬೈಯುವುದು ಹೇಗೋ, ಬೈದ ಹಾಗೆ ಮಾಡಿ ಹೊಗಳುವುದೂ ಅದರೊಳಗೇ ಬರುತ್ತದೆ. ಎರಡನೆಯದರಲ್ಲಿ ಮಾತು ಉಲ್ಟಾ ಇದ್ದರೂ ಚುಚ್ಚುವುದಿಲ್ಲ, ಅಪ್ಪಿಕೊಳ್ಳುತ್ತದೆ. ಹಾಗಾಗಿ ಅದನ್ನು ಸರ್ಕ್ಯಾಸಂಗೆ ಸರಿಸಮ ಅನ್ನಲು ಆಗದು.

---

ಮೋಡದಂಚು:

ವ್ಯಾಜಸ್ತುತಿಯ ಎರಡನೇ ಮುಖ ನನಗೆ ಮರೆತೇಹೋಗಿತ್ತು. ಒಪ್ಪಿದೆ. ಆದರೆ ಗಡಿಯಾರವನ್ನು ಮೊದಲೇ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಸಲ ಓದಿದಾಗ ನಾನು ರೇಖಾಳ ಪಕ್ಷದಲ್ಲಿದ್ದೆ. ಸುಮಾಳನ್ನು ಮನಸ್ಸಿನಲ್ಲೇ ಬೈದೆ. ಗಡಿಯಾರ ಕಂಡಾಗ ನನಗೇ ನಾಚಿಕೆಯಾಯಿತು. ಮೊದಲೇ ಗೊತ್ತಿದ್ದರೆ ನಾನು ಹಾಯಾಗಿ ಕೂತು ರೇಖಾಳ ತಪ್ಪು ನೋಡುತ್ತಿದ್ದೆ. ಆ ನಾಚಿಕೆ ನನಗೆ ಬೇಕು. ಅದೂ ಒಂದು ವಿಪರ್ಯಾಸವೇ ಅಲ್ವಾ? ಎರಡನೇ ಸಲ ಓದಿದಾಗ ನೀವು ಹೇಳಿದ ಎರಡನೇ ಅರ್ಥವೂ ಸಿಕ್ಕಿತು.

---

ಹಳೇ ತಿದ್ದುಪೆನ್ನು:

ಒಳ್ಳೆಯ ಮಾತು. ಎರಡನೇ ಸಲ ಓದುವವರಿಗೆ ಎರಡೂ ಸಿಗುತ್ತದೆ, ನಿಜ. ಆದರೆ ನನ್ನ ಅನುಭವದಲ್ಲಿ ಬಹಳ ಜನ ಎರಡನೇ ಸಲ ಓದುವುದಿಲ್ಲ. ಇದರಲ್ಲಿ ನಿಮ್ಮ ರುಚಿ ಬೇರೆ, ನನ್ನ ರುಚಿ ಬೇರೆ. ಬರೆದವರು ತೀರ್ಮಾನ ಮಾಡಲಿ.

@ದೂರತೀರ ಅವರ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಹೇಳಿದವರ ಮನಸ್ಸು ನೋಡಬೇಕಾ, ಕೇಳಿದವರ ಗಾಯ ನೋಡಬೇಕಾ? ನಾನು ಮನಸ್ಸಿನ ಕಡೆ. ಆದರೆ ತನ್ನ ಮನಸ್ಸಿನಲ್ಲಿ ಮೊನೆ ಇರಲಿಲ್ಲ ಅಂತ ರೇಖಾಳೂ ಮೊದಲು ಹೇಳಿದಳು. ಸುಳ್ಳು ಹೇಳುತ್ತಿದ್ದಳು ಅಂತ ನನಗೆ ಅನ್ನಿಸುವುದಿಲ್ಲ. ಅವಳಿಗೇ ಆಗ ಗೊತ್ತಿರಲಿಲ್ಲವೇನೋ.

---

ನೇರಮಾತು:

ನಾನು ಮೊದಲು ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೆ. ಈಗ ಒಂದು ಕೇಳಲಾ? ರಿಪೇರಿಯವನೂ ಸಮಯಕ್ಕೆ ಕೊಡಲಿಲ್ಲ. ತಂದದ್ದು ಗಡಿಯಾರ, ಜಗಳ ತಡದ್ದು. ಇದು ಸ್ವಲ್ಪ ಜಾಸ್ತಿ ಹೊಂದಿಸಿದ ಹಾಗೆ ಕಾಣುವುದಿಲ್ಲವಾ? ಅಪ್ಪನ ಕನ್ನಡಕವೋ ರೇಡಿಯೋವೋ ಆಗಿದ್ದರೂ ಕಥೆ ನಡೆಯುತ್ತಿತ್ತು.

---

ತಿಳಿನೀರು:

ಎರಡು ದಿನ ಇದನ್ನೇ ಯೋಚಿಸಿದೆ. @ನೇರಮಾತು, ರೇಡಿಯೋ ಇಟ್ಟು ಬರೆದು ನೋಡಿದೆ. ನಿಮ್ಮ ಮಾತು ನಿಜ, ಅಷ್ಟು ಹೊಂದಿಸಿದ ಹಾಗೆ ಕಾಣಲಿಲ್ಲ. ಅಪ್ಪನ ರೇಡಿಯೋ ಮತ್ತೆ ಮಾತಾಡುತ್ತದೆ ಅನ್ನುವುದೂ ಮಾತಿನ ಜಗಳಕ್ಕೆ ಸರಿಹೊಂದಿತು. ಗಡಿಯಾರ ಬಿಟ್ಟೆ.

ಹಳೇ ತಿದ್ದುಪೆನ್ನು ಅವರ ದಾರಿಯಲ್ಲೇ ಹೋದೆ. ಮೋಡದಂಚು ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಶುರು ಇದು:

"ಇನ್ನು ಅರ್ಧ ಗಂಟೆ" ಅಂತ ರಿಪೇರಿಯವನು ಅಂದದ್ದು ಇದು ಮೂರನೇ ಸಲ. ಹನ್ನೊಂದಾಗಿತ್ತು. ಸುಮಾ ಫೋನ್ ಕೈಗೆ ತೆಗೆದುಕೊಂಡಳು. ಫೋನ್ ಮಾಡಿದರೆ ರೇಖಾ ಎಲ್ಲಿದ್ದೀಯ ಅನ್ನುತ್ತಾಳೆ. ಸುಳ್ಳು ಹೇಳಲು ತನಗೆ ಬರುವುದಿಲ್ಲ. ಫೋನ್ ಮತ್ತೆ ಬ್ಯಾಗಿಗೆ ಹೋಯಿತು. ಮೇಜಿನ ಮೇಲೆ ರೇಖಾಳ ಅಪ್ಪನ ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.

ರೇಖಾಳ ಮೊದಲ ಮಾತು ಬೇರುಬಿಳಲು ಅವರಿಂದ ಬದಲಾಯಿತು: "ಬನ್ನಿ ಮೇಡಂ, ಬನ್ನಿ. ಹತ್ತು ಗಂಟೆಗೆ ಸರಿಯಾಗಿ ಬಂದ್ರಿ." ಜಗಳದಲ್ಲಿ ಬೇರೆ ಒಂದು ಅಕ್ಷರ ಮುಟ್ಟಿಲ್ಲ. ಕೊನೆ ಹೀಗೆ:

ಸುಮಾ ಗಂಟು ಬಿಚ್ಚಿದಳು. ಏನೂ ಹೇಳದೆ ರೇಡಿಯೋದ ಕಿವಿ ತಿರುಗಿಸಿದಳು. ಮೊದಲು ಬರೀ ಗೊರಗೊರ. ಆಮೇಲೆ ಯಾರೋ ಗಂಡಸಿನ ದನಿ, ಯಾವುದೋ ಸುದ್ದಿ.

ರೇಖಾ ಬಹಳ ಹೊತ್ತು ಕೇಳಿದಳು. ಆಮೇಲೆ ಕಣ್ಣು ಒರೆಸಿಕೊಂಡು, "ಎಂಥಾ ಕೆಟ್ಟವಳೇ ನೀನು" ಅಂದಳು.

"ಇದು ಯಾವುದು?" ಅಂತ ಸುಮಾ ಕೇಳಿದಳು.

ಈ ಸಲ ಇಬ್ಬರೂ ಜಗಳ ಆಡಲಿಲ್ಲ.

---

ಬೇರುಬಿಳಲು:

"ಎಂಥಾ ಕೆಟ್ಟವಳೇ ನೀನು"! ಬೈದ ಹಾಗೆ ಮಾಡಿ ಹೊಗಳುವುದು ಅಂದರೆ ಇದೇ. "ಮೇಡಂ" ಹೋಗಿ "ನೀನು" ವಾಪಸ್ ಬಂದದ್ದನ್ನೂ ನೋಡಿದೆ. ನನಗೆ ಕಣ್ಣು ತುಂಬಿತು.

---

ಮೋಡದಂಚು:

ಚೆನ್ನಾಗಿದೆ. ನನಗೆ ಈಗಲೂ ಹಳೆಯ ಕ್ರಮವೇ ಇಷ್ಟ. ಆದರೆ ಆ ಹೊಸ ಸಾಲಿಗಾಗಿ ಇದನ್ನೂ ಇಟ್ಟುಕೊಳ್ಳುತ್ತೇನೆ.

---

ದೂರತೀರ:

"ಕೆಟ್ಟವಳೇ" ಅನ್ನುವುದನ್ನು ಮೆಸೇಜಿನಲ್ಲಿ ಕಳಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತಿದ್ದೇನೆ. ಪಕ್ಕದಲ್ಲಿ ಕೂತು, ಕಣ್ಣು ಒರೆಸಿಕೊಂಡು ಅಂದಿದ್ದಕ್ಕೆ ಅದು ಸರಿಯಾಗಿ ಮುಟ್ಟಿತು. ನಾಳೆ ಆ ಸಹೋದ್ಯೋಗಿ ಹತ್ತಿರ ಎದುರಿಗೇ ಕೂತು ಮಾತಾಡಬೇಕು ಅನ್ನಿಸಿದೆ.

---

ಹಳೇ ತಿದ್ದುಪೆನ್ನು:

ಒಂದೇ ತಿದ್ದುಪಡಿ. "ಈ ಸಲ ಇಬ್ಬರೂ ಜಗಳ ಆಡಲಿಲ್ಲ" ಅನ್ನುವ ಸಾಲು ತೆಗೆಯಿರಿ. ಸುಮಾಳ ಪ್ರಶ್ನೆಗೆ ರೇಖಾ ಏನಂದಳು ಅಂತ ಓದುಗರೇ ಕೇಳಿಕೊಳ್ಳಲಿ. ಹಿಂದೆ ರೇಡಿಯೋ ಹೇಗೂ ಮಾತಾಡುತ್ತಿದೆ.

---

ತಿಳಿನೀರು:

ತೆಗೆದೆ.